ಬಿಟ್ಟುಹೋದ ಬಿಲ್ ನಂಬರು ತುಂಬುವುದಕ್ಕಲ್ಲ

ಜಿಎಸ್‌ಟಿ ಬಂದು ಇಷ್ಟು ವರ್ಷಗಳಾದರೂ ಅಂಗಡಿಗಳಲ್ಲಿ, ಲೆಕ್ಕದ ಕೋಣೆಗಳಲ್ಲಿ ಒಂದು ನಂಬಿಕೆ ಅಲುಗಾಡದೆ ಕೂತಿದೆ. ಬಿಲ್ ನಂಬರುಗಳ ನಡುವೆ ಒಂದೂ ತಪ್ಪಿಹೋಗಬಾರದು, ಆದ್ದರಿಂದ ಬಿಲ್ಲು ಕ್ಯಾನ್ಸಲ್ ಆದರೆ ಅದರ ನಂಬರನ್ನು ಇನ್ನೊಬ್ಬ ಗಿರಾಕಿಯ ಬಿಲ್ಲಿಗೆ ಹಾಕಿ ಆ ಜಾಗ ತುಂಬಿಬಿಡಬೇಕು ಎಂಬುದು ಆ ನಂಬಿಕೆ. ಇದರಲ್ಲಿ ಮೊದಲ ಅರ್ಧ ಸರಿ, ಎರಡನೆಯ ಅರ್ಧ ಪೂರಾ ತಪ್ಪು. ಆ ತಪ್ಪು ಮಾಡುವವರು ಕಳ್ಳಲೆಕ್ಕದವರಲ್ಲ, ನಿಯಮಕ್ಕೆ ಹೆದರಿ ನಡೆಯುವ ಪ್ರಾಮಾಣಿಕರು. ಅದೇ ಬೇಸರದ ಸಂಗತಿ.

ಕೇಂದ್ರ ಜಿಎಸ್‌ಟಿ ನಿಯಮಗಳಲ್ಲಿ 46ನೆಯದು ಬಿಲ್ ನಂಬರಿನ ಬಗ್ಗೆ ಹೇಳುವುದು ಇಷ್ಟೇ: ಬಿಲ್ಲಿಗೆ ಅನುಕ್ರಮ ಸಂಖ್ಯೆ ಇರಬೇಕು, ಅದು ಹದಿನಾರು ಅಕ್ಷರ ಮೀರಬಾರದು, ಇಂಗ್ಲಿಷ್ ಅಕ್ಷರ, ಅಂಕಿ, ಅಡ್ಡಗೆರೆ, ಓರೆಗೆರೆ ಮಾತ್ರ ಬಳಸಬಹುದು, ಒಂದೇ ಸರಣಿ ಇರಬಹುದು, ಹಲವೂ ಇರಬಹುದು, ಒಂದು ಹಣಕಾಸು ವರ್ಷದೊಳಗೆ ಯಾವ ನಂಬರೂ ಎರಡು ಸಲ ಬರಬಾರದು. ಕ್ಯಾನ್ಸಲ್ ಆದ ನಂಬರನ್ನು ಮತ್ತೆ ಬಳಸಿ ಎಂಬ ಮಾತು ಇದರಲ್ಲಿ ಎಲ್ಲೂ ಇಲ್ಲ. ಬದಲಿಗೆ ಜಿಎಸ್‌ಟಿಆರ್-1ರ 13ನೇ ಕೋಷ್ಟಕ ನೋಡಿ. ಯಾವ ನಂಬರಿನಿಂದ ಯಾವ ನಂಬರಿನವರೆಗೆ, ಒಟ್ಟು ಎಷ್ಟು, ಅದರಲ್ಲಿ ಕ್ಯಾನ್ಸಲ್ ಆದದ್ದೆಷ್ಟು, ಉಳಿದದ್ದೆಷ್ಟು ಎಂದು ಅಲ್ಲಿ ಬರೆಯಬೇಕು. ಕ್ಯಾನ್ಸಲ್ ಆದ ಬಿಲ್ಲಿಗೆಂದೇ ಸರ್ಕಾರ ಒಂದು ಅಂಕಣ ಇಟ್ಟಿದೆ ಎಂದರೆ ಬಿಲ್ಲುಗಳು ಕ್ಯಾನ್ಸಲ್ ಆಗುತ್ತವೆ ಎಂಬುದನ್ನು ಅದು ಮೊದಲೇ ಒಪ್ಪಿಕೊಂಡಿದೆ ಎಂದೇ ಅರ್ಥ. ಅನುಕ್ರಮದ ಉದ್ದೇಶ ಪ್ರತಿ ನಂಬರಿಗೂ ಮಾರಾಟ ತೋರಿಸುವುದಲ್ಲ. ಪ್ರತಿ ನಂಬರಿಗೂ ಉತ್ತರ ಇರುವುದು. ‘ಕ್ಯಾನ್ಸಲ್ ಆಯಿತು, ಪ್ರತಿ ಇಲ್ಲಿದೆ, ಕಾರಣ ಇದು’ ಎಂಬುದೂ ಪೂರ್ಣ ಉತ್ತರವೇ.

ಜಾಗ ತುಂಬಿದರೆ ಏನಾಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಹುಬ್ಬಳ್ಳಿ, ದಾವಣಗೆರೆ, ಬಳ್ಳಾರಿಯಲ್ಲಿ ಮಳಿಗೆಗಳಿರುವ, ಒಂದೇ ಜಿಎಸ್‌ಟಿ ನೋಂದಣಿಯ ಹಾರ್ಡ್‌ವೇರ್ ವ್ಯಾಪಾರ ಅನ್ನಿ. ಮೂರೂ ಕಡೆಗೆ ಸೇರಿ ಒಂದೇ ಸರಣಿ. ಮೇ 3ರಂದು ದಾವಣಗೆರೆಯಲ್ಲಿ 212ನೇ ಬಿಲ್ಲು ಮುದ್ರಣವಾಯಿತು, ಗಿರಾಕಿ ಸರಕು ಬೇಡವೆಂದರು, ಬಿಲ್ಲನ್ನು ಅಳಿಸಿದರು. ಅಷ್ಟರಲ್ಲಿ ಹುಬ್ಬಳ್ಳಿಯವರು 213, ಬಳ್ಳಾರಿಯವರು 214 ಕೊಟ್ಟಾಗಿದೆ. ಮೇ 8ರಂದು ಯಾರೋ ಖಾಲಿ 212 ಕಂಡು ಅವತ್ತಿನ ಮಾರಾಟವನ್ನು ಅದಕ್ಕೆ ಹಾಕಿದರು. ಈಗ 212ರ ತಾರೀಖು ಮೇ 8, 213ರದು ಮೇ 3. ನಂಬರು ಮುಂದೆ ಹೋಗುತ್ತಿದ್ದರೆ ತಾರೀಖು ಹಿಂದೆ ಬರುತ್ತಿದೆ. ಇದನ್ನು ಮುಚ್ಚಲು ಬಿಲ್ಲಿಗೆ ಮೇ 3 ಎಂದು ಹಾಕಿದರೆ ತಾರೀಖೇ ಸುಳ್ಳಾಯಿತು. ಸರಕು ಹೊರಟ ದಿನಕ್ಕೂ ಹಣ ಬಂದ ದಿನಕ್ಕೂ ಅದು ಹೊಂದುವುದಿಲ್ಲ. ಮೊದಲ 212ರ ಮುದ್ರಿತ ಪ್ರತಿ ಆ ಗಿರಾಕಿಯ ಕೈಯಲ್ಲೇ ಉಳಿದಿದ್ದರಂತೂ ಒಂದೇ ನಂಬರಿನ ಎರಡು ಕಾಗದಗಳು ಊರಲ್ಲಿವೆ. ನಂಬರು ಎರಡು ಸಲ ಬರಬಾರದೆಂಬ ನಿಯಮ ಮುರಿದದ್ದು, ನಿಯಮ ಪಾಲಿಸುವ ಹಟದಿಂದಲೇ.

ಇ-ಇನ್‌ವಾಯ್ಸ್ ಮಾಡಬೇಕಾದ ವ್ಯಾಪಾರಕ್ಕೆ ಈ ದಾರಿಯೇ ಮುಚ್ಚಿದೆ. ಮಾರುವವರ ಜಿಎಸ್‌ಟಿ ಸಂಖ್ಯೆ, ಹಣಕಾಸು ವರ್ಷ, ದಾಖಲೆಯ ಬಗೆ, ದಾಖಲೆಯ ನಂಬರು ಈ ನಾಲ್ಕನ್ನೇ ಸೇರಿಸಿ ಪೋರ್ಟಲ್ ಒಂದು ಗುರುತು ತಯಾರಿಸುತ್ತದೆ. ಇಪ್ಪತ್ನಾಲ್ಕು ಗಂಟೆಯೊಳಗೆ ಅದನ್ನು ಕ್ಯಾನ್ಸಲ್ ಮಾಡಬಹುದು, ಆದರೆ ಅದೇ ನಂಬರನ್ನು ಮತ್ತೆ ಕಳಿಸಿದರೆ ಪೋರ್ಟಲ್ ತಗೊಳ್ಳುವುದಿಲ್ಲ. ಗಡುವು ದಾಟಿದ ಮೇಲೆ ಸಾಮಾನ್ಯವಾಗಿ ಹಿಡಿಯುವ ದಾರಿ ಕ್ರೆಡಿಟ್ ನೋಟು.

ಇಷ್ಟಕ್ಕೂ ಮೂಲ ತಪ್ಪು ಇನ್ನೊಂದು ನಂಬಿಕೆಯಲ್ಲಿದೆ: ಶಾಖೆ ಎಷ್ಟೇ ಇರಲಿ, ಸರಣಿ ಒಂದೇ ಇರಬೇಕು ಎಂಬುದು. ‘ಹಲವೂ ಇರಬಹುದು’ ಎಂದು ನಿಯಮವೇ ಹೇಳಿರುವಾಗ ಮೂರು ಊರಿನವರು ಒಂದೇ ಸಾಲಿನಿಂದ ನಂಬರು ಕಿತ್ತುಕೊಳ್ಳಬೇಕೇಕೆ? ಇಂಟರ್‌ನೆಟ್ ಹೋದಾಗಲೂ ಬಿಲ್ಲು ನಿಲ್ಲಬಾರದೆಂದು ಕೆಲವರು 1ರಿಂದ 500 ಹುಬ್ಬಳ್ಳಿಗೆ, 501ರಿಂದ 1000 ದಾವಣಗೆರೆಗೆ ಎಂದು ಮೊದಲೇ ಹಂಚಿಬಿಡುತ್ತಾರೆ. ವರ್ಷದ ಕೊನೆಗೆ ಹುಬ್ಬಳ್ಳಿ 417ಕ್ಕೆ ನಿಂತರೆ ಮುಂದಿನ 83 ನಂಬರುಗಳಿಗೆ ಉತ್ತರವೇ ಇರುವುದಿಲ್ಲ. ಶಾಖೆಗೊಂದು ಸರಣಿ ಇದ್ದರೆ ಈ ಪ್ರಶ್ನೆಯೇ ಹುಟ್ಟದು. `DVG/25-26/00212` ಎಂದು ಬರೆಯಿರಿ: ಎಣಿಸಿದರೆ ಹದಿನೈದು ಅಕ್ಷರ. `DAVANAGERE/2025-26/212` ಎಂದರೆ ಇಪ್ಪತ್ತೆರಡಾಗಿ ಮಿತಿ ದಾಟುತ್ತದೆ.

ಹಲವು ಸರಣಿ ಇದ್ದರೆ ಬಿಲ್ಲು ಬಚ್ಚಿಡುವುದು ಸುಲಭವಲ್ಲವೇ ಎಂಬ ಆಕ್ಷೇಪ ಗಂಭೀರವಾದದ್ದು, ಉತ್ತರ ಕೊಡಲೇಬೇಕು. ಬಚ್ಚಿಡುವವರು ಲೆಕ್ಕಕ್ಕೆ ತೋರಿಸದ ಬಿಲ್ ಪುಸ್ತಕವೊಂದನ್ನು ಇಟ್ಟುಕೊಳ್ಳುತ್ತಾರೆ. ಸರಣಿ ಒಂದೇ ಇದ್ದರೂ ಅವರು ಅದನ್ನೇ ಮಾಡುತ್ತಾರೆ. 13ನೇ ಕೋಷ್ಟಕದಲ್ಲಿ ಮೊದಲು, ಕೊನೆ ತೋರಿಸಿದ ಮೂರು ಸರಣಿಗಳನ್ನು ಪರೀಕ್ಷಿಸುವುದು ಗೋಜಲಾದ ಒಂದನ್ನು ಪರೀಕ್ಷಿಸುವುದಕ್ಕಿಂತ ಸುಲಭ, ಏಕೆಂದರೆ ಒಂದೊಂದು ಸರಣಿಯಲ್ಲೂ ನಂಬರಿನ ಜೊತೆ ತಾರೀಖೂ ಮುಂದಕ್ಕೇ ಸಾಗಬೇಕು.

‘ನಂಬರು ಕೊಡುವುದು ಕಂಪ್ಯೂಟರು, ಅದು ತಪ್ಪುವುದಿಲ್ಲ’ ಎಂಬ ಭರವಸೆಯೂ ಈ ತಪ್ಪು ನಂಬಿಕೆಗಳ ಸೋದರನೇ. ಪೋಸ್ಟ್‌ಗ್ರೆಸ್‌ನಂಥ ಡೇಟಾಬೇಸ್‌ಗಳ ಸ್ವಯಂಚಾಲಿತ ಸಂಖ್ಯೆ, ಬಿಲ್ಲು ಉಳಿಯುವ ಮೊದಲೇ ಖರ್ಚಾಗುತ್ತದೆ. ಉಳಿಸುವಾಗ ಕೆಲಸ ಕೆಟ್ಟರೆ ಆ ಸಂಖ್ಯೆ ವಾಪಸು ಬರುವುದಿಲ್ಲ. ವೇಗಕ್ಕಾಗಿ ಬೇಕೆಂದೇ ಅದನ್ನು ಹಾಗೆ ಕಟ್ಟಿದ್ದಾರೆ. ಬಿಲ್ಲಿಗೆ ಬೇಕಾದದ್ದು ಸರಣಿಗೊಂದು ಸಾಲಿರುವ ಸಣ್ಣ ಕೋಷ್ಟಕ, ಮತ್ತು ಬಿಲ್ಲನ್ನು ಉಳಿಸುವ ಅದೇ ವ್ಯವಹಾರದೊಳಗೆ ಈ ಆದೇಶ:

```
UPDATE bill_series
SET last_no = last_no + 1
WHERE series = 'DVG/25-26'
RETURNING last_no;
```

ಉಳಿಸುವುದು ವಿಫಲವಾದರೆ ನಂಬರೂ ಹಿಂದಕ್ಕೆ ಹೋಗುತ್ತದೆ, ಜಾಗ ಖಾಲಿ ಬೀಳುವುದಿಲ್ಲ. ಒಬ್ಬರು ಮುಗಿಸುವ ತನಕ ಇನ್ನೊಬ್ಬರು ಕಾಯಬೇಕಾಗುವುದು ನಿಜ, ಆದರೆ ಶಾಖೆಗೊಂದು ಸಾಲಿದ್ದರೆ ದಾವಣಗೆರೆಗಾಗಿ ಬಳ್ಳಾರಿ ಕಾಯುವುದಿಲ್ಲ.

ಮಿಕ್ಕ ತಪ್ಪು ಕಲ್ಪನೆಗಳಿಗೆ ಒಂದೊಂದು ಮಾತು ಸಾಕು. ಬೇರೆ ರಾಜ್ಯದ ಶಾಖೆಗೆ ನೋಂದಣಿಯೇ ಬೇರೆ, ಆದ್ದರಿಂದ ಅಲ್ಲಿ ಅದೇ ನಂಬರು ಬಂದರೂ ದೋಷವಿಲ್ಲ. ಮಾರ್ಚ್‌ನಲ್ಲಿ ಮುಗಿಸಿದ ಸೇವೆಗೆ ಮೂವತ್ತು ದಿನದ ಅವಧಿಯೊಳಗೆ ಏಪ್ರಿಲ್‌ನಲ್ಲಿ ಬಿಲ್ಲು ಮಾಡಿದರೆ ಅದು ಏಪ್ರಿಲ್ ತಾರೀಖಿನಲ್ಲಿ ಹೊಸ ವರ್ಷದ ಸರಣಿಗೇ ಸೇರಬೇಕು. ಹಳೆಯ ಸರಣಿಯ ಬಾಲಕ್ಕೆ ಅಂಟಿಸುವಂತಿಲ್ಲ. ಇ-ಇನ್‌ವಾಯ್ಸ್‌ನಲ್ಲಿ ಸೊನ್ನೆಯಿಂದ ಶುರುವಾಗುವ ನಂಬರು ನಡೆಯುವುದಿಲ್ಲ.

ಬಿಲ್ ನಂಬರಿನ ಮೂಲ ಮಾತಿಗೆ ಆಧಾರ ಕೆಲವೇ ಸಾಲಿನ ಒಂದು ನಿಯಮ, ಯಾರು ಬೇಕಾದರೂ ಓದಬಹುದಾದದ್ದು. ಆದರೂ ಜನ ಪಕ್ಕದ ಅಂಗಡಿಯವರು ಅಂದದ್ದನ್ನು, ಸಾಫ್ಟ್‌ವೇರ್ ಮಾರಲು ಬಂದವರು ಹೇಳಿದ್ದನ್ನು ನಂಬುತ್ತಾರೆ, ನಿಯಮವನ್ನೇ ತೆಗೆದು ನೋಡುವುದಿಲ್ಲ. ಭಯಕ್ಕೆ ಕಾಯ್ದೆಯ ಹೆಸರಿಟ್ಟರೆ ಅದು ಕಾಯ್ದೆಯಾಗುವುದಿಲ್ಲ. ಅನುಮಾನವಿದ್ದವರು ಕಳೆದ ವರ್ಷದ ಬಿಲ್ಲುಗಳನ್ನು ಸರಣಿವಾರು ನಂಬರಿನ ಕ್ರಮದಲ್ಲಿ ಜೋಡಿಸಿ ತಾರೀಖಿನ ಅಂಕಣದ ಮೇಲೆ ಕಣ್ಣಾಡಿಸಲಿ. ತಾರೀಖು ಹಿಂದಕ್ಕೆ ಜಿಗಿದ ಕಡೆ ನಿಂತು ನೋಡಬೇಕು. ಯಾವುದೋ ಕ್ಯಾನ್ಸಲ್ ಆದ ಬಿಲ್ಲಿನ ಜಾಗದಲ್ಲಿ ಬೇರೊಬ್ಬರ ಬಿಲ್ಲು ಕೂತಿರುವುದು ಅಲ್ಲೇ.