ಐಡಿ ಕಾರ್ಡಿನ ಕಪ್ಪು ಗೆರೆಗಳು

ನಾನೂರು ಕಾರ್ಮಿಕರಿರುವ ಗಾರ್ಮೆಂಟ್ಸ್ ಕಾರ್ಖಾನೆಯೊಂದಕ್ಕೆ ಐಡಿ ಕಾರ್ಡ್ ಮಾಡಬೇಕಾಗಿದೆ ಎಂದುಕೊಳ್ಳಿ. ಒಂದೊಂದೇ ಕಾರ್ಡನ್ನು ಕೈಯಲ್ಲಿ ಜೋಡಿಸುತ್ತ ಕೂತರೆ ಯಾರದೋ ಹೆಸರಿನ ಪಕ್ಕ ಇನ್ಯಾರದೋ ಫೋಟೊ ಬಂದು ಕೂರುತ್ತದೆ. ಅದಕ್ಕೇ ಈ ಕೆಲಸ ಶುರುವಾಗುವುದು ಎಕ್ಸೆಲ್ ಪಟ್ಟಿಯಿಂದ. ಪಟ್ಟಿಯಲ್ಲಿ 004172 ಎಂಬ ನೌಕರ ಸಂಖ್ಯೆ ಇದ್ದರೆ ಫೋಟೊ ಫೈಲಿನ ಹೆಸರೂ ಅದೇ ಆಗಿರಬೇಕು. ಆ ಕಾಲಂ ಅನ್ನು ಮೊದಲೇ ಟೆಕ್ಸ್ಟ್ ಎಂದು ಗೊತ್ತುಮಾಡದಿದ್ದರೆ ಎಕ್ಸೆಲ್ ಮುಂದಿನ ಸೊನ್ನೆಗಳನ್ನು ನುಂಗಿ 4172 ಎಂದಷ್ಟೇ ಉಳಿಸುತ್ತದೆ. ಆಗ ಫೋಟೊ ಸಿಗುವುದಿಲ್ಲ.

ಕಾರ್ಡಿನ ಅಳತೆ ಎಟಿಎಂ ಕಾರ್ಡಿನದ್ದೇ: 85.60 ಮಿ.ಮೀ. ಅಗಲ, 53.98 ಮಿ.ಮೀ. ಎತ್ತರ. ಇಂಚಿಗೆ 300 ಚುಕ್ಕಿ ಹಾಕುವ ಪ್ರಿಂಟರಿಗೆ ಇದು 1011 × 638 ಚುಕ್ಕಿಗಳ ಹಾಳೆ. ಟೆಂಪ್ಲೇಟನ್ನು ಇದೇ ಅಳತೆಗೆ ಮಾಡಿಟ್ಟುಕೊಂಡರೆ, ಪ್ರೋಗ್ರಾಂ ಪಟ್ಟಿಯ ಒಂದೊಂದೇ ಸಾಲು ಓದಿ ಫೋಟೊ, ಹೆಸರು, ಬಾರ್‌ಕೋಡ್‌ಗಳನ್ನು ತಂತಮ್ಮ ಜಾಗದಲ್ಲಿ ಕೂರಿಸುತ್ತ ಹೋಗುತ್ತದೆ.

ಫೋಟೊ ಕೊಂಚ ಹಿಗ್ಗಿದರೂ ಕುಗ್ಗಿದರೂ ಮುಖ ಗುರುತು ಸಿಗುತ್ತದೆ. ಬಾರ್‌ಕೋಡಿಗೆ ಆ ಸಡಿಲಿಕೆಯಿಲ್ಲ.

ಕೋಡ್ 128 ಎಂಬ ಪದ್ಧತಿಯಲ್ಲಿ ಎರಡೆರಡು ಅಂಕಿಗಳನ್ನು ಒಂದೇ ಚಿಹ್ನೆಗೆ ಸೇರಿಸಬಹುದು. ಹಾಗೆ ಬರೆದರೆ 004172 ಅತಿ ಸಣ್ಣ ಗೆರೆಯ 68 ಪಟ್ಟು ಅಗಲವಾಗುತ್ತದೆ. ಸಣ್ಣ ಗೆರೆಗೆ 4 ಚುಕ್ಕಿ ಕೊಟ್ಟರೆ ಒಟ್ಟು 272 ಚುಕ್ಕಿ, ಅಂದರೆ ಸುಮಾರು 23 ಮಿ.ಮೀ. ಡಿಸೈನರ್ ಇದನ್ನೇ ಚಿತ್ರವೆಂದು ಹಿಡಿದೆಳೆದು 250 ಚುಕ್ಕಿಗೆ ಕುಗ್ಗಿಸಿದರೆ ಸಣ್ಣ ಗೆರೆಯ ಪಾಲಿಗೆ 3.68 ಚುಕ್ಕಿ ಬರುತ್ತದೆ. ಪ್ರಿಂಟರಿಗೆ ಮುಕ್ಕಾಲು ಚುಕ್ಕಿ ಹಾಕಲು ಬರುವುದಿಲ್ಲ. ಕೆಲವು ಗೆರೆ ದಪ್ಪ, ಕೆಲವು ತೆಳು, ಅಂಚೆಲ್ಲ ಬೂದು. ಕಣ್ಣಿಗೆ ಏನೂ ಕೆಟ್ಟಂತೆ ಕಾಣದು. ಗೇಟಿನ ಸ್ಕ್ಯಾನರ್ ಮಾತ್ರ ಬೀಪ್ ಅನ್ನುವುದಿಲ್ಲ. ಎಡಬಲದಲ್ಲಿ ಸಣ್ಣ ಗೆರೆಯ ಹತ್ತು ಪಟ್ಟು ಬಿಳಿ ಜಾಗವನ್ನೂ ಬಿಡಬೇಕು. ಕಂಪನಿಯ ಬಣ್ಣದ ಪಟ್ಟಿ ಅಲ್ಲಿಗೆ ನುಗ್ಗಿದರೂ ಇದೇ ಗತಿ.

ಕಪ್ಪು ಬಣ್ಣದಲ್ಲೂ ಎರಡು ಬಗೆ. ಪ್ಲಾಸ್ಟಿಕ್ ಕಾರ್ಡ್ ಪ್ರಿಂಟರಿನ ರಿಬ್ಬನ್‌ನಲ್ಲಿ ಹಳದಿ, ಮಜೆಂಟಾ, ಸಯಾನ್ ಜೊತೆಗೆ ಕಪ್ಪಿಗೇ ಬೇರೆ ಪಟ್ಟಿಯಿರುತ್ತದೆ. ಮೂರು ಬಣ್ಣ ಬೆರೆಸಿ ಬರಿಸಿದ ಕಪ್ಪು ಇನ್‌ಫ್ರಾರೆಡ್ ಸ್ಕ್ಯಾನರಿಗೆ ಕಾಣುವುದೇ ಇಲ್ಲ. ಬಾರ್‌ಕೋಡ್ ಆ ಕಪ್ಪು ಪಟ್ಟಿಯಿಂದಲೇ ಮುದ್ರಣವಾಗುವಂತೆ ಪ್ರಿಂಟರಿನ ಸೆಟ್ಟಿಂಗ್ ನೋಡಿಕೊಳ್ಳಬೇಕು.

ಇನ್ನು ಹೆಸರು. ಪೈಥಾನ್‌ನ ಪಿಲ್ಲೋ ಬಳಸಿ ‘ಕೃಷ್ಣಮೂರ್ತಿ’ ಎಂದು ಬರೆಸಿದರೆ ಕೆಲವೊಮ್ಮೆ ಒತ್ತಕ್ಷರ ಕೆಳಗಿಳಿಯದೆ, ಅರ್ಕಾವತ್ತು ತಪ್ಪಿ, ಅಕ್ಷರಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ. ಸ್ವಂತ ಹೆಸರನ್ನು ಹೀಗೆ ಎದೆಯ ಮೇಲೆ ಹೊತ್ತು ತಿರುಗುವಂತೆ ಯಾರಿಗೂ ಮಾಡಬಾರದು. ಅಕ್ಷರ ಜೋಡಿಸುವ ರಾಕ್ಮ್ ಲೈಬ್ರರಿ ಇದೆಯೇ ಎಂದು ಮೊದಲೇ ನೋಡಬಹುದು:

```
from PIL import features
print(features.check("raqm"))
```

`True` ಬಂದರೆ ಕನ್ನಡ ಫಾಂಟ್ ಕೊಟ್ಟು ಮುಂದುವರಿಯಬಹುದು.

ನಾನೂರನ್ನೂ ಒಟ್ಟಿಗೆ ಹೊಡೆಯುವ ಮೊದಲು ಒಂದೇ ಒಂದು ಕಾರ್ಡ್ ಮುದ್ರಿಸಿ, ಪೌಚಿಗೆ ಹಾಕಿ, ಗೇಟಿನಲ್ಲಿರುವ ಸ್ಕ್ಯಾನರಿಗೇ ಹಿಡಿದು ನೋಡಬೇಕು. ಮೊಬೈಲ್ ಆ್ಯಪ್ ಓದಿತೆಂದು ಸುಮ್ಮನಾಗಬಾರದು. ಪರದೆಯ ಮೇಲೆ ಸೊನ್ನೆಗಳ ಸಮೇತ 004172 ಬರಬೇಕು. ಗೆರೆಗಳ ಕೆಳಗೆ ಅದೇ ಸಂಖ್ಯೆಯನ್ನು ಅಂಕಿಯಲ್ಲೂ ಅಚ್ಚು ಹಾಕಿದ್ದರೆ, ಮುಂದೆ ಗೆರೆ ಸವೆದ ದಿನ ಗೇಟಿನವರು ಅದನ್ನು ಕೈಯಲ್ಲೇ ಟೈಪ್ ಮಾಡಿ ಹಾಜರಿ ಹಾಕಿಕೊಳ್ಳುತ್ತಾರೆ.