ಬೆರಳು ತಾಕಿದೊಡನೆ ಹಿಗ್ಗುವ ಪುಟ

ಐಫೋನಿನಲ್ಲಿ ಪುಸ್ತಕದಂಗಡಿಯೊಂದರ ಜಾಲತಾಣ ತೆರೆದಿದೆ, ವಿಳಾಸ ತುಂಬಬೇಕು ಎಂದಿಟ್ಟುಕೊಳ್ಳಿ. ಹೆಸರಿನ ಖಾನೆಯ ಮೇಲೆ ಬೆರಳಿಟ್ಟದ್ದೇ ತಡ, ಕೀಬೋರ್ಡ್ ಮೇಲೇಳುವುದರ ಜೊತೆಗೆ ಇಡೀ ಪುಟ ಹಿಗ್ಗಿ ಪಕ್ಕಕ್ಕೆ ಸರಿಯುತ್ತದೆ. ಬಲಬದಿಯಲ್ಲಿದ್ದ ಪಿನ್‌ಕೋಡ್ ಖಾನೆ ಅರ್ಧ ಮರೆಯಾಗುತ್ತದೆ. ಟೈಪ್ ಮಾಡಿ ಕೀಬೋರ್ಡ್ ಮುಚ್ಚಿದ ಮೇಲೂ ಪುಟ ಸಾಮಾನ್ಯವಾಗಿ ಹಿಗ್ಗಿದಂತೆಯೇ ಉಳಿಯುತ್ತದೆ. ಎರಡು ಬೆರಳಿನಿಂದ ಒತ್ತರಿಸಿ ಅದನ್ನು ಮೊದಲಿನ ಅಳತೆಗೆ ತರಬೇಕು.

ಇದು ಫೋನಿನ ದೋಷವಲ್ಲ, ಸಫಾರಿ ಬ್ರೌಸರ್ ಬೇಕೆಂದೇ ಮಾಡುವ ಕೆಲಸ. ಬರೆಯುವ ಖಾನೆಯ ಅಕ್ಷರ 16 ಪಿಕ್ಸೆಲ್‌ಗಿಂತ ಚಿಕ್ಕದಾಗಿದ್ದರೆ, ಓದಲು ಕಷ್ಟವಾದೀತೆಂದು ಅದು ಪುಟವನ್ನೇ ಹತ್ತಿರಕ್ಕೆ ಎಳೆಯುತ್ತದೆ. ನಮ್ಮಲ್ಲಿ ಐಫೋನಿನ ಕ್ರೋಮ್ ಕೂಡ ಒಳಗೆ ಆಪಲ್‌ನ ವೆಬ್‌ಕಿಟ್ ಎಂಜಿನನ್ನೇ ಬಳಸುವುದರಿಂದ ಅಲ್ಲಿಯೂ ಇದೇ ಅನುಭವ. ಆಂಡ್ರಾಯ್ಡ್ ಕ್ರೋಮ್‌ನಲ್ಲಿ ಮೊಬೈಲಿಗೆಂದೇ ಹೊಂದಿಸಿದ ಪುಟಗಳು ಹೀಗೆ ಹಿಗ್ಗುವುದಿಲ್ಲ.

ಎಷ್ಟು ಹಿಗ್ಗುತ್ತದೆ ಎಂಬುದಕ್ಕೂ ಲೆಕ್ಕವಿದೆ. ಅಕ್ಷರ 16 ಪಿಕ್ಸೆಲ್‌ನಷ್ಟು ಕಾಣುವವರೆಗೆ, ಸುಮಾರಾಗಿ ಅಷ್ಟೇ. ನಮ್ಮ ಪುಸ್ತಕದಂಗಡಿಯ ಖಾನೆಯಲ್ಲಿ 12 ಪಿಕ್ಸೆಲ್ ಅಕ್ಷರವಿದ್ದರೆ 16ನ್ನು 12ರಿಂದ ಭಾಗಿಸಬೇಕು, ಪುಟ 1.33 ಪಟ್ಟು ದೊಡ್ಡದಾಗುತ್ತದೆ. ಪರದೆಯ ಅಗಲ 390 ಪಿಕ್ಸೆಲ್ ಆಗಿದ್ದರೆ ಈಗ ಕಣ್ಣಿಗೆ ಬೀಳುವುದು ಸುಮಾರು 292 ಪಿಕ್ಸೆಲ್‌ನಷ್ಟು ಪುಟ ಮಾತ್ರ. ಕಾಲು ಭಾಗ ಹೊರಗೆ ಹೋಯಿತು. ಪಿನ್‌ಕೋಡ್ ಖಾನೆ ಇದ್ದದ್ದು ಆ ಕಾಲು ಭಾಗದಲ್ಲೇ.

ನೋಡುವವರಿಗೆ ವಿನ್ಯಾಸ ಕದಲಿದಂತೆ ಕಂಡರೂ ವಾಸ್ತವದಲ್ಲಿ ಅದು ಕದಲಿರುವುದಿಲ್ಲ. ಭೂತಗನ್ನಡಿ ಹಿಡಿದಾಗ ಪತ್ರಿಕೆಯ ಸಾಲುಗಳು ಹೇಗೆ ಹೊಸದಾಗಿ ಮುರಿಯುವುದಿಲ್ಲವೋ ಹಾಗೆಯೇ ಇಲ್ಲಿಯೂ ಪ್ರತಿ ಸಾಲು ಮೊದಲು ಮುರಿದಲ್ಲೇ ಮುರಿದಿರುತ್ತದೆ. ನಮಗೆ ಕಾಣುವ ಚೌಕಟ್ಟು ಮಾತ್ರ ಕಿರಿದಾಗಿರುತ್ತದೆ. ಈ ಭೇದ ತಿಳಿಯದೆ ಅನೇಕರು ಪುಟದ ಅಗಲವನ್ನು ತಿದ್ದುತ್ತಾ ಕೂರುತ್ತಾರೆ. ಗುರುತಿಸುವುದು ಸುಲಭ: ಖಾನೆ ತಾಕಿದ ಮೇಲೆ ಕನ್ಸೋಲಿನಲ್ಲಿ `visualViewport.scale` ಎಂದು ಕೇಳಬೇಕು. 1ಕ್ಕಿಂತ ಹೆಚ್ಚು ಬಂದರೆ ಜೂಮ್ ಆಗಿದೆ. 1 ಎಂದೇ ಬಂದು, ಪುಟ ಪಕ್ಕಕ್ಕೆ ಜಾರುತ್ತಿದ್ದರೆ ಯಾವುದೋ ಭಾಗ ಪರದೆಗಿಂತ ಅಗಲವಾಗಿದೆ ಎಂದರ್ಥ. ಅದು ಬೇರೆಯೇ ಕಾಯಿಲೆ.

ಇಷ್ಟು ಸರಳ ನಿಯಮಕ್ಕೆ ಇಷ್ಟೊಂದು ಜಾಲತಾಣಗಳು ಬಲಿಯಾಗುವುದೇಕೆ? ಮುಖ್ಯ ಕಾರಣ, ಬರೆಯುವ ಖಾನೆಗಳು ಪುಟದ ಅಕ್ಷರ ಗಾತ್ರವನ್ನು ತಾವಾಗಿ ಪಡೆಯುವುದಿಲ್ಲ. ಪುಟಕ್ಕೆಲ್ಲ 16 ಎಂದು ಬರೆದಿದ್ದರೂ, ಖಾನೆಗೆ ಪ್ರತ್ಯೇಕವಾಗಿ ಹೇಳದಿದ್ದರೆ ಬ್ರೌಸರ್ ತನ್ನದೇ ಚಿಕ್ಕ ಗಾತ್ರ ಕೊಡುತ್ತದೆ. ಕ್ರೋಮ್‌ನಲ್ಲಿ ಅದು ಸುಮಾರು 13.33 ಪಿಕ್ಸೆಲ್. ಇನ್ನೊಂದು ಬಲೆ, ಪುಟದ ಮೂಲ ಗಾತ್ರವನ್ನು 62.5 ಪ್ರತಿಶತಕ್ಕೆ ಇಳಿಸುವ ಹಳೆಯ ರೂಢಿ. ಆಗ `1.4rem` ಎಂದು ಬರೆದರೆ ಸಿಗುವುದು 14 ಪಿಕ್ಸೆಲ್. ಸಂಖ್ಯೆ ಒಂದಕ್ಕಿಂತ ದೊಡ್ಡದಾಗಿ ಕಾಣುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ.

ಪರಿಹಾರ ಮೂರು ಸಾಲಿನದು:

```css
input, select, textarea {
  font-size: max(16px, 1em);
}
```

ಅಂದರೆ 16ಕ್ಕಿಂತ ಇಳಿಯಬಾರದು, ಸುತ್ತಲಿನ ಅಕ್ಷರ ಅದಕ್ಕಿಂತ ದೊಡ್ಡದಿದ್ದರೆ ಅದರ ಜೊತೆ ಬೆಳೆಯಲಿ. ಕನ್ನಡದ ಖಾನೆಗಳಿಗಂತೂ ಇದು ಎರಡು ಪಟ್ಟು ಲಾಭ. 12 ಪಿಕ್ಸೆಲ್‌ನಲ್ಲಿ ‘ಕ್ಷ್ಮ’ದ ಒತ್ತುಗಳು ಒಂದರ ಮೇಲೊಂದು ಅಂಟಿಕೊಂಡು ಬರೆದದ್ದು ಸರಿಯೋ ತಪ್ಪೋ ತಿಳಿಯುವುದಿಲ್ಲ.

ಕೆಲವರು ಇನ್ನೊಂದು ದಾರಿ ಹಿಡಿಯುತ್ತಾರೆ. ಪುಟದ `viewport` ಸಾಲಿಗೆ `maximum-scale=1` ಸೇರಿಸುತ್ತಾರೆ. ಐಫೋನಿನಲ್ಲಿ ತಾನಾಗಿ ಹಿಗ್ಗುವುದು ನಿಲ್ಲುತ್ತದೆ ನಿಜ. ಬೆರಳಿನಿಂದ ಹಿಗ್ಗಿಸುವುದಕ್ಕೂ ಅಲ್ಲಿ ತಡೆಯಿಲ್ಲ, ಏಕೆಂದರೆ 2016ರ ಐಒಎಸ್ 10ರಿಂದ ಸಫಾರಿ ಆ ನಿರ್ಬಂಧಕ್ಕೆ ಕಿವಿಗೊಡುತ್ತಿಲ್ಲ. ಆದರೆ ಆಂಡ್ರಾಯ್ಡ್ ಕ್ರೋಮ್ ಅದನ್ನು ಅಕ್ಷರಶಃ ಪಾಲಿಸುತ್ತದೆ. ದೃಷ್ಟಿ ಮಂದವಾದ ಹಿರಿಯರು ಎಷ್ಟು ಎಳೆದರೂ ಪುಟ ದೊಡ್ಡದಾಗುವುದಿಲ್ಲ. ಕ್ರೋಮ್‌ನ ಸೆಟ್ಟಿಂಗ್ಸ್‌ನಲ್ಲಿ ಜೂಮ್‌ಗೆ ಬಲವಂತದ ಅನುಮತಿ ಕೊಡುವ ಆಯ್ಕೆ ಇದೆಯೆಂದು ಅವರಲ್ಲಿ ಎಷ್ಟು ಮಂದಿಗೆ ಗೊತ್ತು? ಐಫೋನ್ ಬಳಸುವವರ ಒಂದು ಕಿರಿಕಿರಿ ತಪ್ಪಿಸಲು ಆಂಡ್ರಾಯ್ಡ್ ಬಳಸುವವರ ಕಣ್ಣಿನ ಆಸರೆ ಕಿತ್ತುಕೊಳ್ಳುವುದು ಅನ್ಯಾಯ.

ತಿದ್ದಿದ ಮೇಲೆ ಪರೀಕ್ಷಿಸುವಾಗ ಒಂದು ಎಚ್ಚರ ಬೇಕು. ಕಂಪ್ಯೂಟರಿನ ಕ್ರೋಮ್‌ನಲ್ಲಿ ಐಫೋನಿನ ಅಳತೆ ಆರಿಸಿಕೊಂಡು ನೋಡಿದರೆ ಈ ತೊಂದರೆ ಕಾಣುವುದೇ ಇಲ್ಲ, ಅಲ್ಲಿ ಓಡುತ್ತಿರುವುದು ಕ್ರೋಮ್‌ನ ಎಂಜಿನ್. ಹಾಗಾಗಿ ನಿಜವಾದ ಐಫೋನ್ ಅಥವಾ ಮ್ಯಾಕ್‌ನ ಎಕ್ಸ್‌ಕೋಡ್ ಸಿಮ್ಯುಲೇಟರ್‌ನಲ್ಲಿ ಪ್ರತಿಯೊಂದು ಖಾನೆಯನ್ನೂ, ಮರೆತುಹೋಗುವ ಹುಡುಕುವ ಪೆಟ್ಟಿಗೆಯನ್ನೂ ಜಿಲ್ಲೆ ಆರಿಸುವ ಪಟ್ಟಿಯನ್ನೂ ಸೇರಿಸಿ, ಬೆರಳಿನಿಂದಲೇ ಮುಟ್ಟಿ ನೋಡಬೇಕಾಗುತ್ತದೆ.