ಕಣ್ಣಿಗೆ ಸಿಗದ ಕಾಲು ಸೆಕೆಂಡು

ವೇಗದ ಬೌಲರ್‌ನ ಓಟ ಹದಿನೈದು ಇಪ್ಪತ್ತು ಹೆಜ್ಜೆಗಳಷ್ಟು ಉದ್ದವಿರುತ್ತದೆ. ಆದರೆ ಬೌಲಿಂಗ್ ಎಂಬ ಕ್ರಿಯೆ ನಡೆಯುವುದೆಲ್ಲ ಆ ಓಟದ ಕೊನೆಯ ಕಾಲು ಸೆಕೆಂಡಿನ ಆಸುಪಾಸಿನಲ್ಲಿ. ನೆಗೆದ ಹುಡುಗನ ಹಿಂದಿನ ಕಾಲು ನೆಲ ಮುಟ್ಟುತ್ತದೆ. ಮುಂದಿನ ಕಾಲು ಕ್ರೀಸಿನ ಬಳಿ ಅಪ್ಪಳಿಸುತ್ತದೆ. ಅಲ್ಲಿಂದ ಸುಮಾರು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಚೆಂಡು ಕೈ ಬಿಟ್ಟು ಹೋಗಿರುತ್ತದೆ. ಅಂಪೈರ್ ಜಾಗದಲ್ಲಿ ನಿಂತ ಪಿ.ಟಿ. ಮೇಷ್ಟ್ರು ಎಷ್ಟೇ ಅನುಭವಿಯಾಗಿದ್ದರೂ ಈ ಅವಧಿಯಲ್ಲಿ ಪಾದ, ಸೊಂಟ, ಭುಜ ಮೂರನ್ನೂ ಒಟ್ಟಿಗೆ ಗಮನಿಸಲಾರರು. ಅವರ ಕಣ್ಣು ಸಹಜವಾಗಿಯೇ ಚೆಂಡಿನ ಹಿಂದೆ ಹೋಗಿಬಿಡುತ್ತದೆ.

ಈ ಕಷ್ಟ ಹಳೆಯದು, ಅದಕ್ಕೆ ಕ್ಯಾಮೆರಾದ ನೆರವು ಪಡೆಯುವ ಯೋಚನೆಯೂ ಹಳೆಯದೇ. ಓಡುವ ಕುದುರೆಯ ಚಿತ್ರಗಳಿಂದ ಹೆಸರಾದ ಎಡ್ವರ್ಡ್ ಮೈಬ್ರಿಜ್ 1887ರಲ್ಲಿ ಪ್ರಕಟಿಸಿದ ಚಲನೆಯ ಚಿತ್ರಸರಣಿಯಲ್ಲಿ ಕ್ರಿಕೆಟ್ ಬೌಲರ್‌ನೂ ಇದ್ದಾನೆ. ಹೊಸತೆಂದರೆ, ಅಂಥ ಸಾಧನ ಈಗ ಮೇಷ್ಟ್ರ ಜೇಬಿಗೇ ಬಂದಿರುವುದು. ಇಂದಿನ ಅನೇಕ ಫೋನುಗಳು ಸೆಕೆಂಡಿಗೆ 240 ಚಿತ್ರಗಳನ್ನು ಹಿಡಿಯುತ್ತವೆ. ಇದರ ಅರ್ಥವನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು. ಹದಿನಾಲ್ಕರ ಹುಡುಗನೊಬ್ಬ ಗಂಟೆಗೆ 90 ಕಿ.ಮೀ. ವೇಗದಲ್ಲಿ ಎಸೆದ ಚೆಂಡು ಸೆಕೆಂಡಿಗೆ 25 ಮೀಟರ್ ಸಾಗುತ್ತದೆ. ಸೆಕೆಂಡಿಗೆ 30 ಚಿತ್ರಗಳ ಮಾಮೂಲಿ ವಿಡಿಯೊದಲ್ಲಿ ಒಂದು ಚಿತ್ರಕ್ಕೂ ಮುಂದಿನ ಚಿತ್ರಕ್ಕೂ ನಡುವೆ ಚೆಂಡು 80 ಸೆಂಟಿಮೀಟರಿಗಿಂತ ಹೆಚ್ಚು ದೂರ ಹೋಗಿರುತ್ತದೆ. 240 ಚಿತ್ರಗಳಲ್ಲಾದರೆ ಸುಮಾರು 10 ಸೆಂಟಿಮೀಟರ್. ಮುಂದಿನ ಕಾಲು ಊರಿದ ಮೇಲೆ ಚೆಂಡು ಬಿಡುವವರೆಗೆ ಮೊದಲಿನದರಲ್ಲಿ ಮೂರೇ ಚಿತ್ರಗಳು, ಎರಡನೆಯದರಲ್ಲಿ ಇಪ್ಪತ್ತನಾಲ್ಕು.

ಹಾಗಾದರೆ ಈ ಚಿತ್ರಗಳಲ್ಲಿ ನೋಡಬೇಕಾದ್ದೇನು? ನೋ ಬಾಲ್, ತಲೆ ವಾಲುವುದು, ಮಂಡಿ ಬಗ್ಗುವುದು ಎಲ್ಲವೂ ಕಾಣುತ್ತವೆ. ಆದರೆ ಬೆಳೆಯುವ ಮಕ್ಕಳ ವಿಷಯದಲ್ಲಿ ಮೊದಲು ನೋಡಬೇಕಾದ್ದು ಬೆನ್ನಿಗೆ ಸಂಬಂಧಿಸಿದ್ದು.

ಬಲಗೈ ಬೌಲರ್ ಹಿಂದಿನ ಕಾಲನ್ನು ಊರಿದಾಗ ಎರಡು ರೀತಿಯಲ್ಲಿ ನಿಂತಿರಬಹುದು. ಪಾದ ಕ್ರೀಸಿಗೆ ಸಮಾನಾಂತರವಾಗಿ, ಎಡಭುಜ ಬ್ಯಾಟ್ಸ್‌ಮನ್ನನ ಕಡೆಗಿದ್ದರೆ ಅದು ಸೈಡ್ ಆನ್. ಪಾದವೂ ಎದೆಯೂ ಬ್ಯಾಟ್ಸ್‌ಮನ್ನನ ಕಡೆಗೇ ಇದ್ದರೆ ಫ್ರಂಟ್ ಆನ್. ಎರಡೂ ಸರಿಯಾದ ಶೈಲಿಗಳೇ. ತೊಂದರೆ ಇರುವುದು ಇವೆರಡರ ಬೆರಕೆಯಲ್ಲಿ. ಪಾದ ಮತ್ತು ಸೊಂಟ ಮುಂದಕ್ಕೆ ತೆರೆದಿದ್ದು, ಭುಜಗಳು ಮಾತ್ರ ಹಿಂದಕ್ಕೆ ತಿರುಗಿ ಸೈಡ್ ಆನ್ ಆಗಲು ಹೋದರೆ, ಒದ್ದೆ ಬಟ್ಟೆ ಹಿಂಡಿದಂತೆ ನಡು ತಿರುಚಿಕೊಳ್ಳುತ್ತದೆ. ಅದೇ ಗಳಿಗೆಯಲ್ಲಿ ಮುಂದಿನ ಕಾಲು ನೆಲಕ್ಕೆ ಬಡಿಯುತ್ತದೆ. ವೇಗದ ಬೌಲರ್‌ಗಳಲ್ಲಿ ಆ ಹೊಡೆತ ದೇಹದ ತೂಕದ ಐದಾರು ಪಟ್ಟು ಇರಬಹುದು. ಬೆನ್ನುಮೂಳೆಯ ಕೆಳಗಿನ ಮಣಿಗಳಲ್ಲಿ, ಸಾಮಾನ್ಯವಾಗಿ ಬೌಲಿಂಗ್ ಕೈಗೆ ವಿರುದ್ಧವಾದ ಬದಿಯಲ್ಲಿ, ಕೂದಲೆಳೆಯಂಥ ಬಿರುಕು ಮೂಡುವುದು ಹೀಗೆ ಎಂದು ಪಶ್ಚಿಮ ಆಸ್ಟ್ರೇಲಿಯಾ ವಿಶ್ವವಿದ್ಯಾಲಯದ ಬ್ರೂಸ್ ಎಲಿಯಟ್ ಮತ್ತು ಸಂಗಡಿಗರು 1980ರ ದಶಕದ ಕೊನೆಯಿಂದ ವಾದಿಸುತ್ತ ಬಂದರು. ಬೌಲ್ ಮಾಡುವಾಗ ಸೊಂಟ ಪಕ್ಕಕ್ಕೆ ಬಾಗುವುದಕ್ಕೂ, ಎಸೆಯುವ ಚೆಂಡುಗಳ ಸಂಖ್ಯೆಗೂ ಇದರಲ್ಲಿ ದೊಡ್ಡ ಪಾಲಿದೆ ಎಂದು ನಂತರದವರು ಸೇರಿಸಿದ್ದಾರೆ. ಭುಜದ ತಿರುಚೊಂದೇ ಅಪರಾಧಿಯಲ್ಲ. ಆದರೆ ಫೋನಿಗೆ ಸುಲಭವಾಗಿ ಸಿಕ್ಕಿಬೀಳುವ ಅಪರಾಧಿ ಅದೇ.

1973ರ ವೆಸ್ಟ್ ಇಂಡೀಸ್ ಪ್ರವಾಸದಲ್ಲಿ ಡೆನಿಸ್ ಲಿಲಿಯ ಬೆನ್ನಿನಲ್ಲಿ ಇಂಥ ಬಿರುಕುಗಳು ಪತ್ತೆಯಾದವು. ಮೈಗೆ ಪ್ಲಾಸ್ಟರ್ ಹಾಕಿಸಿಕೊಂಡು, ತಿಂಗಳುಗಟ್ಟಲೆ ದೇಹವನ್ನು ಪಳಗಿಸಿ ಆತ ಮರಳಿ ಬಂದದ್ದು ಕ್ರಿಕೆಟ್ ಬಲ್ಲವರಿಗೆಲ್ಲ ಗೊತ್ತು. ಮುಂದೆ ಚೆನ್ನೈಯಲ್ಲಿ 1987ರಲ್ಲಿ ಆರಂಭವಾದ ಎಂ.ಆರ್.ಎಫ್. ಪೇಸ್ ಫೌಂಡೇಷನ್ನಿನಲ್ಲಿ ನಮ್ಮ ಶ್ರೀನಾಥ್, ವೆಂಕಟೇಶ್ ಪ್ರಸಾದ್ ಅವರಂಥವರು ಪಾಠ ಕಲಿತದ್ದು ಇದೇ ಲಿಲಿಯ ಬಳಿ.

ಈಗ ಶಾಲೆಯ ಮೈದಾನಕ್ಕೆ ಬರೋಣ. ಮ್ಯಾಟಿಂಗ್ ವಿಕೆಟ್ ಇದೆ, ಒಂದು ಫೋನಿದೆ, ಅದನ್ನು ಅಲುಗದಂತೆ ನಿಲ್ಲಿಸುವ ಸ್ಟ್ಯಾಂಡ್ ಇದೆ ಎಂದುಕೊಳ್ಳಿ. ಬಲಗೈ ಬೌಲರ್ ಆದರೆ ಅವನ ಬಲಬದಿಯಲ್ಲಿ, ಕ್ರೀಸಿನ ಗೆರೆಯ ನೇರಕ್ಕೆ, ಎಂಟು ಹತ್ತು ಮೀಟರ್ ದೂರದಲ್ಲಿ, ಅವನ ಸೊಂಟದ ಎತ್ತರಕ್ಕೆ ಫೋನನ್ನು ಅಡ್ಡಲಾಗಿ ನಿಲ್ಲಿಸಬೇಕು. ಚಿತ್ರದಲ್ಲಿ ಬೌಲರ್ ತುದಿಯ ಸ್ಟಂಪುಗಳು ಪೂರ್ತಿ ಕಾಣಬೇಕು. ಸೂರ್ಯ ಫೋನಿನ ಬೆನ್ನ ಹಿಂದಿರಬೇಕು. ಸೆಕೆಂಡಿಗೆ 240 ಚಿತ್ರ ಎಂದರೆ ಒಂದೊಂದು ಚಿತ್ರಕ್ಕೂ ಸಿಗುವ ಬೆಳಕು ಬಹಳ ಕಡಿಮೆ. ಮೋಡದ ಸಂಜೆಯಲ್ಲಿ ತೆಗೆದರೆ ಕೈ ಇರಬೇಕಾದಲ್ಲಿ ಬರೀ ಮಬ್ಬು ಇರುತ್ತದೆ. ಒಳಾಂಗಣದ ದೀಪಗಳ ಕೆಳಗಾದರೆ ವಿಡಿಯೊ ಮಿಣುಕುವುದೂ ಉಂಟು. ಕಡಿಮೆ ಬೆಲೆಯ ಕೆಲವು ಫೋನುಗಳು ನಡುವಿನ ಚಿತ್ರಗಳನ್ನು ತಾವೇ ಊಹಿಸಿ ತುಂಬಿಸುತ್ತವೆ. ಒಂದೊಂದೇ ಚಿತ್ರವನ್ನು ಸರಿಸಿ ನೋಡಿದಾಗ ಚೆಂಡು ಒಂದರಲ್ಲಿ ಸ್ಪಷ್ಟವಾಗಿಯೂ ಮತ್ತೊಂದರಲ್ಲಿ ನೆರಳಿನಂತೆ ಎರಡಾಗಿಯೂ ಕಂಡರೆ ಅದು ಹುಸಿ ಸ್ಲೋ ಮೋಷನ್ ಎಂದು ತಿಳಿಯಬಹುದು.

ಹುಡುಗ ಸಡಿಲವಾದ ಅಂಗಿಯ ಬದಲು ಬನಿಯನ್ ತೊಟ್ಟಿರಲಿ. ಎರಡೂ ಭುಜಗಳ ಮೇಲಿನ ಮೂಳೆಯ ತುದಿಗೆ ಬಣ್ಣದ ಟೇಪಿನ ಚೂರು ಅಂಟಿಸಿದರೆ ಓದುವುದು ಸುಲಭ. ನಾಲ್ಕೈದು ಎಸೆತ ಸಾಕು, ಅವೂ ಅವನ ಮಾಮೂಲಿ ವೇಗದಲ್ಲಿ. ಕ್ಯಾಮೆರಾ ನೋಡಿ ಹುರುಪಿನಿಂದ ಎಸೆಯುವ ಮೊದಲ ಚೆಂಡನ್ನು ಲೆಕ್ಕಕ್ಕೆ ಹಿಡಿಯಬಾರದು.

ಬದಿಯಿಂದ ನೋಡುವುದರ ಲಾಭ ಇಲ್ಲಿದೆ. ಎದೆ ಪೂರ್ತಿ ಬ್ಯಾಟ್ಸ್‌ಮನ್ನನ ಕಡೆಗಿದ್ದರೆ ಎರಡು ಭುಜಗಳೂ ಒಂದರ ಹಿಂದೊಂದು ಮರೆಯಾಗುತ್ತವೆ, ನಡುವೆ ಅಂತರವೇ ಕಾಣದು. ಭುಜ ತಿರುಗಿದಷ್ಟೂ ಅಂತರ ತೆರೆಯುತ್ತದೆ. 30 ಡಿಗ್ರಿ ತಿರುಗಿದರೆ ಭುಜಗಳ ನಿಜವಾದ ಅಗಲದ ಅರ್ಧದಷ್ಟು ಕಾಣುತ್ತದೆ; ಪೂರ್ತಿ ಸೈಡ್ ಆನ್ ಆದಾಗ ಪೂರ್ತಿ ಅಗಲ. ಅಳತೆಗೋಲಾಗಿ ಸ್ಟಂಪ್ ಇದ್ದೇ ಇದೆ. ಅದರ ಎತ್ತರ 71 ಸೆಂಟಿಮೀಟರ್.

ನಮ್ಮ ಹುಡುಗನ ಭುಜಗಳ ಅಗಲ 36 ಸೆಂಟಿಮೀಟರ್ ಎಂದಿಟ್ಟುಕೊಳ್ಳೋಣ, ಅಂದರೆ ಸ್ಟಂಪಿನ ಅರ್ಧ. ಹಿಂದಿನ ಕಾಲು ನೆಲ ಮುಟ್ಟಿದ ಚಿತ್ರದಲ್ಲಿ ವಿಡಿಯೊ ನಿಲ್ಲಿಸಿದಾಗ ಟೇಪುಗಳ ನಡುವಿನ ಅಡ್ಡ ಅಂತರ 7 ಸೆಂಟಿಮೀಟರಿನಷ್ಟು ಕಂಡಿತು. ಆಗ ಭುಜ ತಿರುಗಿದ್ದು ಸುಮಾರು 11 ಡಿಗ್ರಿ. ಹುಡುಗ ಹೆಚ್ಚುಕಡಿಮೆ ಫ್ರಂಟ್ ಆನ್. ಪಾದವೂ ಪಿಚ್ಚಿನ ಉದ್ದಕ್ಕೇ ಇದೆ. ಅಲ್ಲಿಂದ ಒಂದೊಂದೇ ಚಿತ್ರ ಮುಂದೆ ಸರಿಸುತ್ತ ಹೋದರೆ ಅಂತರ ಅಗಲವಾಗುತ್ತ, ಮುಂದಿನ ಕಾಲು ಊರುವ ಸ್ವಲ್ಪ ಮೊದಲು 30 ಸೆಂಟಿಮೀಟರಿಗೆ ಮುಟ್ಟುತ್ತದೆ. ಈಗ ತಿರುವು ಸುಮಾರು 56 ಡಿಗ್ರಿ. ಪಾದ ನೆಟ್ಟಲ್ಲೇ ಇರುವಾಗ ಭುಜ 45 ಡಿಗ್ರಿಯಷ್ಟು ಹಿಂದಕ್ಕೆ ಹೋಗಿದೆ. 30 ಡಿಗ್ರಿ ದಾಟಿದರೆ ಬೆರಕೆ ಶೈಲಿ ಎನ್ನುವುದು ಸಾಮಾನ್ಯ ಲೆಕ್ಕ. ಫೋನಿನ ಅಳತೆಯಲ್ಲಿ ಹತ್ತು ಡಿಗ್ರಿ ಆಚೀಚೆ ಆಗಬಹುದಾದ್ದರಿಂದ 25ಕ್ಕೂ 32ಕ್ಕೂ ಭೇದ ಎಣಿಸುವುದು ವ್ಯರ್ಥ. 45 ಎಂದರೆ ಮಾತ್ರ ಅನುಮಾನಕ್ಕೆ ಎಡೆಯಿಲ್ಲ.

ಕಾರಣ ಹುಡುಕಿದರೆ ಅದು ಎಷ್ಟೋ ಸಲ ಹಳೆಯ ಪಾಠದಲ್ಲೇ ಸಿಗುತ್ತದೆ. ಎಡಗೈ ಮೇಲೆತ್ತಿ, ಎಡಭುಜದ ಮೇಲಿಂದ ಬ್ಯಾಟ್ಸ್‌ಮನ್ನನನ್ನು ನೋಡು ಎಂದು ತಲೆಮಾರುಗಳಿಂದ ಹೇಳಿಕೊಡಲಾಗಿದೆ. ಸೈಡ್ ಆನ್ ಆಗಿ ಬಂದಿಳಿಯುವವನಿಗೆ ಅದು ಸರಿ. ನೇರ ಓಡಿಬಂದು ಪಾದ ತೆರೆದು ಇಳಿಯುವ ಹುಡುಗ ಅದನ್ನು ಪಾಲಿಸಲು ಹೋದರೆ ಎಡಗೈ ಎದೆಗೆ ಅಡ್ಡವಾಗಿ ಬಂದು ಭುಜವನ್ನು ಎಳೆದುಕೊಂಡು ಹೋಗುತ್ತದೆ.

ಇನ್ನು ಇದನ್ನು ಅವನಿಗೆ ಹೇಳುವ ಬಗೆ. ಫೋನನ್ನು ಕೈಗೆ ಕೊಟ್ಟು ನಿನ್ನ ತಪ್ಪು ನೋಡು ಎಂದರೆ ಹುಡುಗ ನೋಡುವುದು ತನ್ನ ಮುಖವನ್ನು ಮತ್ತು ಚೆಂಡು ಬಿದ್ದ ಜಾಗವನ್ನು. ಮೊದಲು ವಿಡಿಯೊ ತೋರಿಸದೆಯೇ ಕೇಳಬೇಕು: “ಕಾಲು ಊರಿದಾಗ ನಿನ್ನ ಎದೆ ಯಾವ ಕಡೆಗಿತ್ತು ಹೇಳಪ್ಪ?” “ಪಕ್ಕಕ್ಕೆ ಇತ್ತು ಸಾರ್” ಎನ್ನುತ್ತಾನೆ. ಆಮೇಲೆ ಎರಡೇ ನಿಂತ ಚಿತ್ರಗಳನ್ನು, ಹಿಂದಿನ ಕಾಲಿನದು ಮತ್ತು ಮುಂದಿನ ಕಾಲಿನದು, ತೋರಿಸಬೇಕು. ತಾನು ಅಂದುಕೊಂಡದ್ದಕ್ಕೂ ಆದದ್ದಕ್ಕೂ ಇರುವ ಅಂತರ ಅವನ ಕಣ್ಣಿಗೇ ಬೀಳುತ್ತದೆ. ತಲೆ, ಮಂಡಿ, ಮಣಿಕಟ್ಟು ಎಲ್ಲವನ್ನೂ ಅದೇ ದಿನ ತಿದ್ದಲು ಹೊರಡುವ ಮೇಷ್ಟ್ರ ಕೈಯಲ್ಲಿ ಫೋನಿರುವುದಕ್ಕಿಂತ ಇಲ್ಲದಿರುವುದೇ ವಾಸಿ.

ತಿದ್ದುವಾಗ ಪಾದ ಹೇಗಿದೆಯೋ ಹಾಗೇ ಬಿಟ್ಟು, ಭುಜವನ್ನು ಅದಕ್ಕೆ ಹೊಂದಿಸುವುದು ಸುಲಭದ ದಾರಿ. ಭುಜ ತಿರುಗಿಸಬೇಡ ಎನ್ನುವ ಬದಲು ಎಡಗೈಯನ್ನು ನೇರ ಆ ತುದಿಯ ಸ್ಟಂಪುಗಳ ಕಡೆಗೆ ಚಾಚು ಎಂದರೆ ಮಕ್ಕಳಿಗೆ ಬೇಗ ಹತ್ತುತ್ತದೆ. ದೇಹದ ಭಾಗಕ್ಕಿಂತ ಹೊರಗಿನ ಗುರಿಯ ಮೇಲೆ ಗಮನವಿಟ್ಟವರು ಚಲನೆಯನ್ನು ಚೆನ್ನಾಗಿ ಕಲಿಯುತ್ತಾರೆಂದು ಗೇಬ್ರಿಯಲ್ ವುಲ್ಫ್ ಅವರ ಸಂಶೋಧನೆಗಳು ತೋರಿಸಿವೆ. ಮೊದಲು ನಡೆಯುತ್ತ, ಆಮೇಲೆ ನಾಲ್ಕು ಹೆಜ್ಜೆಯ ಓಟದಿಂದ. ಪ್ರತಿ ಎಸೆತಕ್ಕೂ ವಿಡಿಯೊ ತೋರಿಸಿದರೆ ಹುಡುಗ ತನ್ನ ಮೈಯ ಅರಿವನ್ನು ಬಿಟ್ಟು ಪರದೆಗೆ ಜೋತುಬೀಳುತ್ತಾನೆ. ಆರು ಎಸೆತಕ್ಕೊಮ್ಮೆ ತೋರಿಸಿದರೆ ಧಾರಾಳವಾಯಿತು. ನೆಟ್ಸಿನಲ್ಲಿ ಸರಿಹೋದದ್ದು ಪಂದ್ಯದಲ್ಲಿ ಹಳೆಯ ದಾರಿ ಹಿಡಿಯುವುದು ಖಂಡಿತ. ಹಾಗಾಗಿ ಕೆಲವು ವಾರಗಳ ನಂತರ, ಪೂರ್ತಿ ಓಟದಲ್ಲಿ, ಅದೇ ಜಾಗದಿಂದ ಮತ್ತೆ ಚಿತ್ರ ತೆಗೆದು ಹೋಲಿಸಬೇಕು. ಈ ನಡುವೆ ಸೊಂಟದ ಒಂದು ಬದಿಯಲ್ಲಿ ನೋವು ಎಂದು ಹುಡುಗ ಹೇಳಿದರೆ, ಹಿಂದಕ್ಕೆ ಬಾಗಿದಾಗ ಅದು ಹೆಚ್ಚಾದರೆ, ಬೌಲಿಂಗ್ ನಿಲ್ಲಿಸಿ ವೈದ್ಯರ ಬಳಿ ಕಳಿಸಬೇಕು. ವಿಡಿಯೊ ಎಷ್ಟೇ ಚೆನ್ನಾಗಿದ್ದರೂ ಅದು ಎಂ.ಆರ್.ಐ. ಅಲ್ಲ.

ಒಂದು ವಿಷಯದಲ್ಲಿ ಮಾತ್ರ ಫೋನಿನ ಸಾಕ್ಷ್ಯವನ್ನು ನಂಬಬಾರದು. ಅದು ಮೊಣಕೈ. ಈ ಹುಡುಗ ಚಕ್ ಮಾಡುತ್ತಾನೆ ಎಂದು ವಿಡಿಯೊ ಹಿಡಿದು ಹೇಳುವವರು ಈಗ ಊರೂರಿನಲ್ಲಿದ್ದಾರೆ. 1995ರ ಮೆಲ್ಬರ್ನ್ ಟೆಸ್ಟಿನಲ್ಲಿ ಅಂಪೈರ್ ಡ್ಯಾರೆಲ್ ಹೇರ್ ಮುತ್ತಯ್ಯ ಮುರಳೀಧರನ್ ವಿರುದ್ಧ ಏಳು ಬಾರಿ ನೋ ಬಾಲ್ ಕೂಗಿದ ಮೇಲೆ ನಡೆದ ಪರೀಕ್ಷೆಗಳು, ಹುಟ್ಟಿನಿಂದಲೇ ಪೂರ್ತಿ ನೆಟ್ಟಗಾಗದ ಕೈ ನೋಡುವವರ ಕಣ್ಣಿಗೆ ಎಸೆದಂತೆ ತೋರಬಹುದೆಂದು ತಿಳಿಸಿದವು. 2005ರಿಂದ ಐ.ಸಿ.ಸಿ. ಮೊಣಕೈ 15 ಡಿಗ್ರಿವರೆಗೆ ನೆಟ್ಟಗಾಗಲು ಅವಕಾಶ ಕೊಟ್ಟಿದೆ. ಕೈ ಬಾಗಿದೆಯೇ ಎಂಬುದಲ್ಲ, ಬಾಗಿದ್ದು ಎಷ್ಟು ನೆಟ್ಟಗಾಯಿತು ಎಂಬುದೇ ನಿಯಮದ ಪ್ರಶ್ನೆ. ಇದನ್ನು ಅಳೆಯಲು ಸುತ್ತಲೂ ಹಲವು ಕ್ಯಾಮೆರಾಗಳಿರುವ ಪ್ರಯೋಗಾಲಯ ಬೇಕು; ಒಂದೇ ಕಡೆಯಿಂದ ನೋಡಿದಾಗ ತೋಳು ತಿರುಗಿದ್ದೂ ಬಗ್ಗಿದ್ದೂ ಒಂದೇ ತೆರನಾಗಿ ಕಾಣುತ್ತವೆ. ಸಾಲದ್ದಕ್ಕೆ, ಫೋನು ಇಡೀ ಚಿತ್ರವನ್ನು ಒಮ್ಮೆಗೇ ಹಿಡಿಯುವುದಿಲ್ಲ, ಸಾಲು ಸಾಲಾಗಿ ಓದಿಕೊಳ್ಳುತ್ತದೆ. ಮೊದಲ ಸಾಲಿನಿಂದ ಕೊನೆಯ ಸಾಲಿಗೆ ಬರುವಷ್ಟರಲ್ಲಿ ವೇಗವಾಗಿ ಬೀಸಿದ ಕೈ ಮುಂದೆ ಹೋಗಿರುವುದರಿಂದ ನೇರವಾದದ್ದೂ ಬಾಗಿದಂತೆ ಮೂಡುತ್ತದೆ. ಅನುಮಾನವಿದ್ದವರು ಒಂದು ನೆಟ್ಟಗಿನ ಕೋಲನ್ನು ಬೌಲಿಂಗ್ ಕೈಯಂತೆ ರಭಸದಿಂದ ಬೀಸಿಸಿ, ಅದೇ ಫೋನಿನಲ್ಲಿ ತೆಗೆದು ನೋಡಬಹುದು.